ಐದನೇ ತಾರೀಖಿಗೆ ತಿಂಗಳ ಲೆಕ್ಕ ಮುಗಿಸಿದ ಬಗೆ: ನನ್ನ ಅನುಭವ

ಬೆಳಗಾವಿಯ ಉದ್ಯಮಬಾಗದಲ್ಲಿರುವ ನಮ್ಮ ಫೌಂಡ್ರಿಯಲ್ಲಿ ಹದಿನೈದರೊಳಗೆ ತಿಂಗಳ ಲೆಕ್ಕ ಮುಗಿದದ್ದನ್ನು ಯಾರೂ ಕಂಡಿರಲಿಲ್ಲ. ಈಗ ಐದರ ಸಂಜೆಗೆ ಮುಗಿಯುತ್ತದೆ, ಏಳರ ಟಿಡಿಎಸ್ ಪಾವತಿಗೆ ಓಡಾಟವಿರುವುದಿಲ್ಲ. "ಕಾಗದದಾಗ ಛಲೋ ಕಾಣತೈತ್ರೀ, ಗೇಟಿನಾಗ ನಡಿಯಂಗಿಲ್ಲ" ಎಂದಿದ್ದ ಸ್ಟೋರ್ಸ್‌ನವರೇ ಇಂದು ಇದಕ್ಕಾಗಿ ನಾನು ಬರೆದ ಕೆಲಸಗಳ ಪಟ್ಟಿಯನ್ನು ಕೇಳಿ ಪಡೆಯುತ್ತಾರೆ.

ಹಿಂದೆ ಸುಮಾರು ನಲವತ್ತು ಕೆಲಸಗಳ ಪಟ್ಟಿಯೊಂದು ಗೋಡೆಯ ಮೇಲಿತ್ತು. ಅದರಲ್ಲಿ ತಾರೀಖುಗಳಿದ್ದವೇ ಹೊರತು ಯಾವ ಕೆಲಸ ಯಾವುದಕ್ಕಾಗಿ ಕಾಯಬೇಕು ಎಂಬುದಿರಲಿಲ್ಲ. ಅದರ ಬೆಲೆ ಒಂದು ತಿಂಗಳು ಸ್ಪಷ್ಟವಾಗಿ ಕಂಡಿತು. ಕೊನೆಯ ದಿನ ರಾತ್ರಿ ಹತ್ತು ಟನ್ನಿನಷ್ಟು ಪಿಗ್ ಐರನ್ ಬಂದಿತ್ತು. ಒಂದರ ಬೆಳಿಗ್ಗೆ ಎಣಿಸಿದ ದಾಸ್ತಾನಿನಲ್ಲಿ ಅದು ಸೇರಿತು, ಆದರೆ ಮಾಲು ಬಂದದ್ದಕ್ಕೆ ಸ್ಟೋರ್ಸ್‌ನವರು ಬರೆಯುವ ಸ್ವೀಕೃತಿ ಚೀಟಿ, ಅಂದರೆ ಜಿಆರ್‌ಎನ್, ಎರಡನೇ ತಾರೀಖಿನದಾದ್ದರಿಂದ ಖರೀದಿ ಮುಂದಿನ ತಿಂಗಳಿಗೆ ಹೋಯಿತು. ಕಿಲೋಗೆ 45 ರೂಪಾಯಿಯಂತೆ ಲಾಭ ನಾಲ್ಕೂವರೆ ಲಕ್ಷ ಉಬ್ಬಿತು. ಪುಸ್ತಕದ ಪ್ರಕಾರ 52 ಟನ್ ಲೋಹದಿಂದ 58 ಟನ್ ಎರಕ ಹೊರಬಂದಿತ್ತು; ಕರಗಿಸುವಾಗ ತೂಕ ಕಳೆಯುತ್ತದೆಯೇ ಹೊರತು ಬೆಳೆಯುವುದಿಲ್ಲ. ಆ ಹತ್ತು ಟನ್ ಸೇರಿಸಿದರೆ ಬಳಕೆ 62, ನಷ್ಟ ಶೇಕಡಾ ಆರರ ಆಸುಪಾಸು, ಅಂದರೆ ನಮ್ಮ ಎಂದಿನ ಲೆಕ್ಕ.

ಆದ್ದರಿಂದ ಪಟ್ಟಿಯನ್ನು ಐದರಿಂದ ಹಿಂದಕ್ಕೆ ಬರೆದೆ. ಕೊನೆಯ ದಿನ ಸಂಜೆ ಆರಕ್ಕೆ ಕಾವಲುಗಾರರು ಗೇಟ್ ರಿಜಿಸ್ಟರಿನ ಕೊನೆಯ ಕ್ರಮಸಂಖ್ಯೆಯನ್ನು ಚೀಟಿಯಲ್ಲಿ ಕೊಡುತ್ತಾರೆ. ಅದರ ನಂತರ ಬಂದ ಮಾಲನ್ನು ಅಂಗಳದಲ್ಲಿ ಬೇರೆಯಾಗಿ ಇಳಿಸಿ, ಎಣಿಕೆಯಿಂದ ಹೊರಗಿಡುತ್ತೇವೆ. ಆ ಸಂಖ್ಯೆಯವರೆಗಿನ ಜಿಆರ್‌ಎನ್‌ಗಳು ಒಂದರ ಮಧ್ಯಾಹ್ನಕ್ಕೆ ಸ್ಟೋರ್ಸ್‌ನವರಿಂದ, ಬಿಲ್ ಬರದ ಮಾಲಿನ ಪಟ್ಟಿ ಎರಡಕ್ಕೆ ನಮ್ಮ ಸಹಾಯಕರಿಂದ, ಅದರ ಅಂದಾಜು ನಮೂದು ಮೂರಕ್ಕೆ ನನ್ನಿಂದ, ಲೋಹದ ತಾಳೆ ನಾಲ್ಕಕ್ಕೆ ಕರಗಿಸುವ ವಿಭಾಗದ ಮೇಲ್ವಿಚಾರಕರಿಂದ ಆಗಬೇಕು. ಪ್ರತಿ ಸಾಲಿಗೂ ಒಬ್ಬರದೇ ಹೆಸರು. ಇಬ್ಬರ ಹೆಸರು ಬರೆದ ಸಾಲುಗಳೆಲ್ಲ ನಿಂತುಹೋಗಿದ್ದವು. ಹಿಂದಿನ ಸಾಲಿನ ಸಹಿ ಬೀಳದೆ ಮುಂದಿನದನ್ನು ಆರಂಭಿಸುವಂತಿಲ್ಲ.

ಹೆಚ್ಚು ಕಾಡಿದ್ದು ಹೊರಗಿನವರಿಂದ ಮಾಡಿಸುವ ಮಷಿನಿಂಗ್‌ನ ಜಾಬ್‌ವರ್ಕ್ ಬಿಲ್‌ಗಳು. ಅವು ಹನ್ನೆರಡರವರೆಗೂ ಬರುತ್ತಿರುತ್ತವೆ. ಈಗ ಮರಳಿ ಬಂದ ಚಲನ್ನಿನ ನಗಗಳನ್ನು ಒಪ್ಪಿದ ದರದಿಂದ ಗುಣಿಸಿ, ಜಿಎಸ್‌ಟಿ ಸೇರಿಸದೆ ನಮೂದಿಸುತ್ತೇನೆ, ಏಕೆಂದರೆ ಬಿಲ್ಲಿಲ್ಲದೆ ತೆರಿಗೆಯ ಕ್ರೆಡಿಟ್ ಇಲ್ಲ, ಮತ್ತು ಆ ಕ್ರೆಡಿಟ್ಟಿನ ವಿವರ ತೋರಿಸುವ ಜಿಎಸ್‌ಟಿಆರ್-2ಬಿ ಬರುವುದು ಹದಿನಾಲ್ಕಕ್ಕೆ. ಮುಂದಿನ ತಿಂಗಳ ಒಂದರ ತಾರೀಖಿನಲ್ಲೇ ಆ ನಮೂದನ್ನು ತಿರುಗಿಸದಿದ್ದರೆ ನಿಜವಾದ ಬಿಲ್ ಬಂದಾಗ ಖರ್ಚು ಎರಡು ಬಾರಿ ಬೀಳುತ್ತದೆ. ದರದ ವ್ಯತ್ಯಾಸ ಎಂದಿಗೂ ಹತ್ತು ಸಾವಿರ ದಾಟಿಲ್ಲ.

ನಡುವೆ ಖರೀದಿಯನ್ನು 25ಕ್ಕೇ ಮುಚ್ಚಿ ನೋಡಿದೆ. ಬಿಲ್ ಇಲ್ಲದ ಪಟ್ಟಿ ಮೂರು ಪಟ್ಟು ಬೆಳೆದದ್ದರಿಂದ ಕೈಬಿಟ್ಟೆ. ಬ್ಯಾಂಕಿಗೆ ದಾಸ್ತಾನು ವಿವರ ತಡವಾಗಿ ವರ್ಷಕ್ಕೆ ಸುಮಾರು ಮೂವತ್ತು ಸಾವಿರ ದಂಡ ಹೋಗುತ್ತಿತ್ತು. ಈಗ ಅದು ನಿಂತಿದೆ. ಮಾರ್ಚ್‌ಗೆ ಮಾತ್ರ ಈ ಐದು ದಿನ ಸಾಲದು, ಏಕೆಂದರೆ ಜಾಬ್‌ವರ್ಕ್‌ನವರ ಬಳಿ ಉಳಿದ ಮಾಲಿಗೆ ಅವರಿಂದಲೇ ಲಿಖಿತ ದೃಢೀಕರಣ ತರಿಸಬೇಕಾಗುತ್ತದೆ.