ಚೊಗರು ಮೊದಲೋ ಪಟಿಕ ಮೊದಲೋ: ಹತ್ತಿಗೆ ಬಣ್ಣ ಕಟ್ಟಿ ಒಗೆದು ನೋಡಿದ ಅನುಭವ

ಕಾಸರಗೋಡಿನ ಕೈಮಗ್ಗದ ನೇಕಾರರ ಸಂಘವೊಂದಕ್ಕೆ ಹೊಂದಿಕೊಂಡ ಪುಟ್ಟ ಪ್ರಯೋಗಾಲಯದಲ್ಲಿ ಬಣ್ಣದ ಪರೀಕ್ಷೆ ನನ್ನ ಕೆಲಸ. ಅಡಿಕೆ ಚೊಗರಿನಿಂದ ಹತ್ತಿ ಬಟ್ಟೆಗೆ ಬಣ್ಣ ಕಟ್ಟಿ, ಅದು ಒಗೆತಕ್ಕೆ ಎಷ್ಟು ನಿಲ್ಲುತ್ತದೆಂದು ನೋಡಿಕೊಡಬೇಕೆಂದು ಸಂಘದವರು ಕೇಳಿದಾಗ, ಮೊದಲ ತೊಡಕು ಚೊಗರಿನದ್ದೇ ಆಯಿತು. ನಮ್ಮ ಕಡೆಯ ತೋಟಗಳಲ್ಲಿ ಹಣ್ಣಡಿಕೆಯನ್ನು ಒಣಗಿಸಿ ಚಾಲಿ ಮಾಡುವುದೇ ರೂಢಿಯಾದ್ದರಿಂದ, ಎಳೆ ಅಡಿಕೆ ಬೇಯಿಸಿ ಉಳಿಯುವ ಆ ಕೆಂಪು ರಸಕ್ಕೆ ಘಟ್ಟವನ್ನೇ ಹತ್ತಬೇಕು. ಸಾಗರದ ನೆಂಟರೊಬ್ಬರು ಒಂದು ಕ್ಯಾನ್ ಗಟ್ಟಿ ಚೊಗರು ಕಳುಹಿಸಿಕೊಟ್ಟರು.

ಮಗ್ಗದಿಂದ ಬಂದ ಬಟ್ಟೆಯಲ್ಲಿ ಗಂಜಿಯೂ ಹತ್ತಿಯದೇ ಮೇಣವೂ ಇರುತ್ತವೆ. ಲೀಟರಿಗೆ 5 ಗ್ರಾಂ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಸಾಬೂನು ಹಾಕಿದ ನೀರಿನಲ್ಲಿ ಅದನ್ನು ಒಂದು ಗಂಟೆ ಕುದಿಸಿ ಚೆನ್ನಾಗಿ ಜಾಲಿಸಿದೆ. ಒಣಗಿದ ಬಟ್ಟೆಯ ಮೇಲೆ ಬಿಟ್ಟ ನೀರಿನ ಹನಿ ಒಂದೆರಡು ಸೆಕೆಂಡಿನಲ್ಲಿ ಹೀರಿಹೋಗಬೇಕು. ಅಯೋಡಿನ್ ಹನಿ ನೀಲಿಯಾದರೆ ಗಂಜಿ ಇನ್ನೂ ಉಳಿದಿದೆ ಎಂದರ್ಥ. ಇವೆರಡನ್ನೂ ನೋಡದೆ ಮುಂದುವರಿದರೆ ಆಮೇಲೆ ಬರುವ ಕಲೆಗಳಿಗೆ ಕಾರಣ ಹುಡುಕುವುದು ಕಷ್ಟ.

ನೀರಿನ ವಿಷಯದಲ್ಲಿ ನಾನೇ ಎಡವಿದೆ. ಪ್ರಯೋಗಾಲಯದ ಕೊಳವೆ ಬಾವಿಯ ನೀರಿನಲ್ಲಿ ಅದ್ದಿದ ಮೊದಲ ತುಂಡು ಕೆಂಗಂದಾಗುವ ಬದಲು ಬೂದಿ ಬೆರೆತಂತೆ ಮಂಕಾಯಿತು. ಅನುಮಾನ ಬಂದು, ಹಾಲು ಹಾಕದ ಚಹಾದ ಕಷಾಯಕ್ಕೆ ಅದೇ ನೀರನ್ನು ಬೆರೆಸಿ ನೋಡಿದರೆ ಕಷಾಯ ಕಪ್ಪಿಟ್ಟಿತು. ಚಹಾದಲ್ಲೂ ಚೊಗರಿನಲ್ಲೂ ಒಗರು ಕೊಡುವುದು ಟ್ಯಾನಿನ್. ನೀರಿನಲ್ಲಿ ಕಬ್ಬಿಣವಿದ್ದರೆ ಎರಡೂ ಕಪ್ಪಾಗುತ್ತವೆ. ಅಂದಿನಿಂದ ಬಣ್ಣದ ಕೆಲಸಕ್ಕೆ ನಮ್ಮ ಮನೆಯ ಹಿಂದೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರನ್ನೇ, ಇದೇ ಚಹಾದ ಪರೀಕ್ಷೆ ಮಾಡಿ, ಕ್ಯಾನಿನಲ್ಲಿ ತರುತ್ತಿದ್ದೇನೆ.

ಇನ್ನು ಬಣ್ಣಗಚ್ಚು, ಅಂದರೆ ಬಣ್ಣವನ್ನು ನಾರಿಗೆ ಹಿಡಿದಿಡುವ ಮಾರ್ಡಂಟ್. ಉಣ್ಣೆಗೆ ಮಾಡುವಂತೆ ಹತ್ತಿಯನ್ನೂ ಮೊದಲು ಪಟಿಕದ ನೀರಿನಲ್ಲಿ ನೆನೆಸಿ, ಹಿಂಡಿ, ನಂತರ ಚೊಗರಿಗೆ ಹಾಕಿದೆ. 100 ಗ್ರಾಂ ಬಟ್ಟೆಗೆ 15 ಗ್ರಾಂ ಪಟಿಕ, ಮೂರು ಲೀಟರ್ ನೀರು. ಬಟ್ಟೆ ಚೊಗರಿಗಿಳಿದ ಹತ್ತು ನಿಮಿಷದಲ್ಲಿ ದ್ರಾವಣ ಕದಡಿ, ಪಾತ್ರೆಯ ತಳದಲ್ಲಿ ಕಂದು ಬಣ್ಣದ ನುಣುಪು ಕೆಸರು ಕೂತಿತು. ಬಟ್ಟೆಗೆ ಬಂದ ಬಣ್ಣ ಮಾತ್ರ ಬಹಳ ಗಾಢವಾಗಿತ್ತು, ನೋಡಿದವರೆಲ್ಲ ಮೆಚ್ಚಿದರು. ಆದರೆ ಒಣ ಬಿಳಿ ಬಟ್ಟೆಯಿಂದ ನಾಲ್ಕು ಸಲ ಉಜ್ಜಿದಾಗ ಬಿಳಿ ಬಟ್ಟೆ ಕಂದಾಯಿತು. ಉಣ್ಣೆಯಂತೆ ಪಟಿಕವನ್ನು ಹಿಡಿದಿಟ್ಟುಕೊಳ್ಳುವ ಗುಣ ಹತ್ತಿಗಿಲ್ಲ. ನೂಲಿನಲ್ಲಿ ಸಡಿಲವಾಗಿ ಕೂತಿದ್ದ ಪಟಿಕ ಚೊಗರಿಗೆ ಬಿಟ್ಟುಕೊಂಡು, ಅಲ್ಲಿಯ ಟ್ಯಾನಿನ್ನಿನೊಡನೆ ಕೂಡಿ ಗಷ್ಟಾಗಿ, ಆ ಗಷ್ಟೇ ಬಟ್ಟೆಯ ಮೈಮೇಲೆ ಸವರಿದಂತೆ ಕೂತಿತ್ತು.

ಎರಡನೆಯ ಸಲ ಸರದಿಯನ್ನು ತಿರುಗಿಸಿದೆ. ಟ್ಯಾನಿನ್ನಿಗೆ ಹತ್ತಿಯ ನಾರಿನ ಮೇಲೆ ಒಲವಿದೆ, ಪಟಿಕದ ಅಲ್ಯೂಮಿನಿಯಮ್ಮಿಗೆ ಟ್ಯಾನಿನ್ನಿನ ಮೇಲೆ ಒಲವಿದೆ. ಆದ್ದರಿಂದ ಮೊದಲು ನಾರಿನೊಳಗೆ ಟ್ಯಾನಿನ್ ಸೇರಬೇಕು. ಬಟ್ಟೆಯ ತೂಕದಷ್ಟೇ ಗಟ್ಟಿ ಚೊಗರನ್ನು ಮೂರು ಲೀಟರ್ ನೀರಿನಲ್ಲಿ ಕದಡಿ ಸೋಸಿ, 60 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಬಟ್ಟೆಯನ್ನು ಆಡಿಸಿ, ರಾತ್ರಿಯಿಡೀ ಅದರಲ್ಲೇ ಆರಲು ಬಿಟ್ಟೆ. ಬೆಳಗ್ಗೆ ಹಿಂಡಿ ಒಮ್ಮೆ ಜಾಲಿಸಿ, ಅಷ್ಟೇ ಪ್ರಮಾಣದ ಪಟಿಕದ ಬಿಸಿನೀರಿನಲ್ಲಿ ಒಂದು ಗಂಟೆ ಇಟ್ಟು, ಮತ್ತೆ ಜಾಲಿಸಿ, ಕೊನೆಗೆ ಇನ್ನೊಮ್ಮೆ ಚೊಗರಿಗೆ ಹಾಕಿದೆ. ಈ ಸಲ ಕೆಸರು ತೀರಾ ಕಡಿಮೆ. ಬಣ್ಣವೂ ಮೊದಲಿನಷ್ಟು ಗಾಢವಲ್ಲ, ಅದನ್ನು ಕಂಡು ಸಂಘದವರ ಮುಖ ಸ್ವಲ್ಪ ಸಪ್ಪಗಾಯಿತು. ನೆರಳಿನಲ್ಲಿ ಒಣಗಿಸಿ ನಾಲ್ಕು ದಿನ ಬಿಟ್ಟು ಪರೀಕ್ಷೆಗೆ ಎತ್ತಿಕೊಂಡೆ.

ನಾನು ಅನುಸರಿಸಿದ್ದು ಸಾಬೂನಿನ ಒಗೆತಕ್ಕೆ ಬಣ್ಣ ಎಷ್ಟು ನಿಲ್ಲುತ್ತದೆಂದು ಅಳೆಯುವ ಅಂತರರಾಷ್ಟ್ರೀಯ ಮಾನಕ ISO 105-C10ರ ಮೊದಲ ಪರೀಕ್ಷೆಯನ್ನು. 10 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲದ ತುಂಡನ್ನು ಅಷ್ಟೇ ಅಳತೆಯ ಬಿಳಿ ಹತ್ತಿ ಮತ್ತು ಬಿಳಿ ಉಣ್ಣೆಯ ನಡುವೆ ಇಟ್ಟು ಗಿಡ್ಡ ಬದಿಯಲ್ಲಿ ಹೊಲಿಯಬೇಕು. ಮೂರೂ ಸೇರಿ 1.4 ಗ್ರಾಂ ತೂಗಿದವು. ತೂಕದ 50 ಪಟ್ಟು ದ್ರಾವಣವೆಂದರೆ 70 ಮಿಲಿಲೀಟರ್. ಲೀಟರಿಗೆ 5 ಗ್ರಾಂ ಸಾಬೂನು, 40 ಡಿಗ್ರಿ, 30 ನಿಮಿಷ. ಅಷ್ಟು ಹೊತ್ತೂ ತುಂಡು ಮತ್ತು ದ್ರಾವಣ ಹಾಕಿ ಮುಚ್ಚಿದ ಡಬ್ಬಿಗಳು ಬಿಸಿನೀರಿನ ತೊಟ್ಟಿಯಲ್ಲಿ ನಿಮಿಷಕ್ಕೆ 40 ಸುತ್ತು ತಿರುಗುತ್ತಿರುತ್ತವೆ. ಹೊಳಪು ಕೊಡುವ ಬಿಳಿಕಾರಕವಿರುವ ಅಂಗಡಿಯ ಪುಡಿ ಇದಕ್ಕೆ ಸಲ್ಲದು, ಅದು ಬಿಳಿ ಬಟ್ಟೆಯನ್ನು ಇನ್ನಷ್ಟು ಬಿಳಿಯಾಗಿ ತೋರಿಸಿ ಅಂಟಿದ ಬಣ್ಣವನ್ನು ಮರೆಮಾಡುತ್ತದೆ. ಜಾಲಿಸಿ ಹಿಂಡಿದ ಮೇಲೆ ಹೊಲಿಗೆಯ ಕಡೆ ಮಾತ್ರ ತಾಗುವಂತೆ ಪದರಗಳನ್ನು ಬಿಡಿಸಿ ಒಣಹಾಕಬೇಕು. ಒದ್ದೆ ಪದರಗಳು ಒಂದಕ್ಕೊಂದು ಅಂಟಿಕೊಂಡು ಒಣಗಿದರೆ, ಒಗೆತದಲ್ಲಿ ಅಂಟದ ಬಣ್ಣ ಒಣಗುವಾಗ ಅಂಟುತ್ತದೆ.

ಒಣಗಿದ ತುಂಡನ್ನು ಒಗೆಯದ ತುಂಡಿನ ಪಕ್ಕದಲ್ಲಿಟ್ಟು ಗ್ರೇ ಸ್ಕೇಲಿನ ಬೂದು ಬಣ್ಣದ ಪಟ್ಟಿಗಳ ಜೋಡಿಗಳೊಂದಿಗೆ ಹೋಲಿಸುವುದು ಕೊನೆಯ ಹಂತ. 5 ಎಂದರೆ ವ್ಯತ್ಯಾಸವೇ ಇಲ್ಲ, 1 ಎಂದರೆ ಅತಿ ಹೆಚ್ಚು. ಪಟಿಕ ಮೊದಲು ಹಾಕಿದ ತುಂಡಿಗೆ ಬಣ್ಣದ ಬದಲಾವಣೆಯಲ್ಲಿ 2, ಹತ್ತಿಗೆ ಅಂಟಿದ್ದರಲ್ಲಿ 2-3 ಬಂತು. ಅದರ ಡಬ್ಬಿಯ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿದಾಗ ತಳದಲ್ಲಿ ಅದೇ ಕಂದು ಕೆಸರು. ಚೊಗರು ಮೊದಲು ಹಾಕಿದ ತುಂಡಿನಿಂದ ಬಿಳಿ ಹತ್ತಿಗೆ ಅಂಟಿದ್ದು ಕಂಡೂ ಕಾಣದಷ್ಟು, ಅಂಕ 4-5. ಆದರೆ ಅದರ ಬಣ್ಣದ ಬದಲಾವಣೆಗೆ ಬಂದದ್ದು ಬರೀ 3. ಬಣ್ಣ ಬಿಟ್ಟಿಲ್ಲ, ಆದರೂ ಬದಲಾಗಿದೆ. ಇದು ನನಗೆ ಕೂಡಿ ಬರಲಿಲ್ಲ. ಎರಡು ತುಂಡುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದ ಹಿರಿಯ ನೇಕಾರರೊಬ್ಬರು, “ಬಣ್ಣ ಹೋದದ್ದಲ್ಲ ಮಾರಾಯ್ರೆ, ಏರಿದ್ದು” ಎಂದರು.

ಅವರು ಹೇಳಿದ್ದು ಸರಿ. ಒಗೆದ ತುಂಡು ಹೆಚ್ಚು ಕೆಂಪಾಗಿಯೂ ಗಾಢವಾಗಿಯೂ ಇತ್ತು. ಗ್ರೇ ಸ್ಕೇಲ್ ಹೇಳುವುದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ, ಅದು ಏರಿದ್ದೋ ಇಳಿದದ್ದೋ ಎಂಬುದನ್ನಲ್ಲ. ಸಾಬೂನಿನ ನೀರು ಕ್ಷಾರ, ಚೊಗರಿನ ಟ್ಯಾನಿನ್ ಕ್ಷಾರದಲ್ಲಿ ಕೆಂಪೇರುತ್ತದೆ. ಎಲೆಯಡಿಕೆಗೆ ಸುಣ್ಣ ಹಚ್ಚುವ ನಾಡಿನಲ್ಲಿ ಹುಟ್ಟಿ ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಖಚಿತಪಡಿಸಿಕೊಳ್ಳಲು ಒಗೆಯದ ಇನ್ನೊಂದು ತುಂಡನ್ನು ಸಾಬೂನಿಲ್ಲದ ತೆಳು ಸೋಡಾ ನೀರಿನಲ್ಲಿ ಅಲುಗಿಸದೆ ಇಟ್ಟೆ, ಅದೂ ಹಾಗೆಯೇ ಕೆಂಪೇರಿತು. ಕೆಲವು ಹನಿ ವಿನೆಗರ್ ಬೆರೆಸಿದ ನೀರಿಗೆ ಹಾಕಿದಾಗ ಬಣ್ಣ ಪೂರ್ತಿ ಅಲ್ಲದಿದ್ದರೂ ಬಹುಮಟ್ಟಿಗೆ ಹಿಂದಕ್ಕೆ ಬಂತು. ಕ್ಷಾರವಿಲ್ಲದ ದ್ರವ ಮಾರ್ಜಕದಲ್ಲಿ, ಉಳಿದೆಲ್ಲ ಅದೇ ಕ್ರಮದಲ್ಲಿ ಒಗೆದ ತುಂಡಿಗೆ 4 ಸಿಕ್ಕಿತು. ಇದು ಮಾನಕದ ಪರೀಕ್ಷೆಯಲ್ಲವಾದ್ದರಿಂದ ವರದಿಯಲ್ಲಿ ಬೇರೆಯಾಗಿಯೇ ಬರೆದೆ.

ಮಾನಕದ ಸಾಲಿನಲ್ಲಿ ಬರೆದದ್ದು “ಬದಲಾವಣೆ 3, ಕೆಂಪೇರಿದೆ, ಗಾಢವಾಗಿದೆ, ಹತ್ತಿಗೆ ಅಂಟಿದ್ದು 4-5” ಎಂದು. ಬರೀ 3 ಎಂದು ಬರೆದಿದ್ದರೆ ಓದಿದವರು ಬಣ್ಣ ಮಾಸುತ್ತದೆಂದೇ ತಿಳಿಯುತ್ತಿದ್ದರು. ಸಾಬೂನಿನ ಜೊತೆ ಲೀಟರಿಗೆ 2 ಗ್ರಾಂ ಸೋಡಾ ಹಾಕುವ 60 ಡಿಗ್ರಿಯ ಪರೀಕ್ಷೆಯನ್ನೂ ಒಂದು ತುಂಡಿನ ಮೇಲೆ ಮಾಡಿದೆ. ಅಲ್ಲಿ ಕೆಂಪೇರಿದ್ದಷ್ಟೇ ಅಲ್ಲ, ಬಣ್ಣ ನಿಜವಾಗಿಯೂ ನೀರಿಗೆ ಬಿಟ್ಟಿತು, ಅಂಕ 2ಕ್ಕೆ ಇಳಿಯಿತು. ಆ ತುಂಡನ್ನು ವರದಿಗೆ ಪಿನ್ ಮಾಡಿ ಕಳುಹಿಸಿದ್ದರಿಂದ, ಸಂಘದವರು ಬಟ್ಟೆಯ ಚೀಟಿಯಲ್ಲಿ ತಣ್ಣೀರು, ಸೋಡಾ ಇಲ್ಲದ ಮಾರ್ಜಕ ಎಂಬ ಎರಡು ಮಾತುಗಳನ್ನು ಮುದ್ರಿಸಲು ಒಪ್ಪಿದರು.