ನೀರಿನಲ್ಲಿ ಬೆಂದರೂ ಒಣಗುವ ಮಾಂಸ

ಕಾರವಾರದಲ್ಲಿ ನಮ್ಮದೊಂದು ಸಣ್ಣ ಖಾನಾವಳಿ. ಭಾನುವಾರ ಮಧ್ಯಾಹ್ನ ವಡೆ ಜೊತೆ ಮಟನ್ ಸಾರು ಮಾಡುತ್ತೇವೆ. ಶುರುವಿನ ವರ್ಷ ಎಲ್ಲ ತುಂಡುಗಳನ್ನೂ ಒಂದೇ ಪಾತ್ರೆಗೆ ಹಾಕಿ ಮುಕ್ಕಾಲು ತಾಸು ಬೇಯಿಸುತ್ತಿದ್ದೆ. ಒಂದೇ ತಟ್ಟೆಯಲ್ಲಿ ಎರಡು ದೂರು ಬರುತ್ತಿತ್ತು. ತೊಡೆಯ ಚೊಕ್ಕ ತುಂಡು ಹತ್ತಿಯ ಹಾಗೆ ಒಣ, ಕಾಲಿನ ತುಂಡು ರಬ್ಬರ್. ಇನ್ನಷ್ಟು ಬೇಯಿಸಿದರೆ ತೊಡೆ ಮತ್ತೂ ಕೆಡುತ್ತಿತ್ತು. ಕಮ್ಮಿ ಮಾಡಿದರೆ ಕಾಲನ್ನು ಯಾರೂ ಮುಟ್ಟುತ್ತಿರಲಿಲ್ಲ.

ಒಂದು ದಿನ ಎರಡನ್ನೂ ಬೇರೆ ಬೇರೆ ಪಾತ್ರೆಯಲ್ಲಿಟ್ಟು ನೋಡಿದೆ. ಒಂದರಲ್ಲಿ ಆಡಿನ ಮೊಣಕಾಲ ಕೆಳಗಿನ ಮಾಂಸ, ಮೂಳೆ ಸಮೇತ ಒಂದೂವರೆ ಕಿಲೋ. ಇನ್ನೊಂದರಲ್ಲಿ ತೊಡೆಯ ಮೂಳೆ ಇಲ್ಲದ ಮಾಂಸ 500 ಗ್ರಾಂ. ಎರಡಕ್ಕೂ ಉಪ್ಪು, ಅರಿಶಿನ, ತುಂಡು ಮುಳುಗುವಷ್ಟು ನೀರು. ಒಲೆ ತೀರಾ ಸಣ್ಣದು. ನೀರಿನ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳಬೇಕು, ಅಷ್ಟೇ. ಅಂಥ ನೀರಿನ ಬಿಸಿ 85ರಿಂದ 95 ಡಿಗ್ರಿಯ ನಡುವೆ ಇರುತ್ತದೆ.

ಒಂದು ತಾಸಿಗೆ ಎರಡನ್ನೂ ತೆಗೆದು ನೋಡಿದೆ. ಕಾಲಿನ ತುಂಡು ಹಸಿಯಾಗಿದ್ದಾಗಿನದಕ್ಕಿಂತ ಗಟ್ಟಿ! ಕುಗ್ಗಿ, ಬಿಗಿದು, ಚಮಚ ಒತ್ತಿದರೆ ಪುಟಿಯುತ್ತಿತ್ತು. ಬಹಳ ಜನ ಇಲ್ಲೇ ಕೈಬಿಡುತ್ತಾರೆ, ನಾನೂ ಹಿಂದೆ ಹಾಗೇ ಮಾಡಿದ್ದೆ. ಮಾಂಸ ತಂದುಕೊಡುವವರು ಮೊದಲೇ ಹೇಳಿದ್ದರು, "ಅಕ್ಕಾ, ಇದು ಬೆಳೆದ ಆಡು, ಮೂರು ತಾಸು ಬಿಡಿ." ಹಾಗಾಗಿ ಮುಚ್ಚಿಟ್ಟೆ. ಎರಡು ತಾಸಿಗೆ ಸ್ವಲ್ಪ ಸಡಿಲವಾಯಿತು. ಎರಡೂಮುಕ್ಕಾಲು ತಾಸಿಗೆ ಚಮಚದ ಹಿಡಿಯನ್ನು ಒತ್ತಿದರೆ ಸುಮ್ನೆ ಒಳಗಿಳಿಯಿತು. ಮಾಂಸ ಮೂಳೆಯ ತುದಿಯಿಂದ ಒಂದು ಬೆರಳು ಮೇಲೆ ಸರಿದಿತ್ತು. ಸಾರು ಮುಟ್ಟಿದ ಬೆರಳು ತುಟಿಗೆ ಅಂಟುತ್ತಿತ್ತು.

ಅದು ಅಂಟಿದ್ದು ಕೊಲಾಜೆನ್ ಕರಗಿದ್ದರಿಂದ. ನಡೆದು, ನಿಂತು ದುಡಿಯುವ ಕಾಲಿನ ಮಾಂಸದಲ್ಲಿ ಎಳೆಗಳನ್ನು ಕಟ್ಟಿ ಹಿಡಿಯುವ ಬಿಳಿ ಪೊರೆ ಜಾಸ್ತಿ. ಅದರ ಮುಖ್ಯ ಸರಕೇ ಕೊಲಾಜೆನ್. ಮಾಂಸ 60 ಡಿಗ್ರಿ ದಾಟುತ್ತಿದ್ದಂತೆ ಈ ಪೊರೆ ಕುಗ್ಗಿ, ಒದ್ದೆ ಬಟ್ಟೆ ಹಿಂಡಿದ ಹಾಗೆ ಎಳೆಗಳಿಂದ ರಸ ಹೊರಗೆ ತಳ್ಳುತ್ತದೆ. ಒಂದು ತಾಸಿಗೆ ಗಟ್ಟಿಯಾಗಿದ್ದು ಇದಕ್ಕೇ. ಮುಂದೆ 70ರ ಮೇಲೆ, ನೀರಿನ ಜೊತೆಯಲ್ಲಿ, ಅದೇ ಪೊರೆ ನಿಧಾನಕ್ಕೆ ಬಿಡಿಸಿಕೊಂಡು ಜೆಲಟಿನ್ ಎಂಬ ಮೆತ್ತನೆಯ ಅಂಟಾಗುತ್ತದೆ. ಬಿಸಿ ಹೆಚ್ಚಿದಷ್ಟೂ ಬೇಗ, ಆದರೂ ಗಂಟೆಗಟ್ಟಲೆ ಬೇಕು.

ಇಲ್ಲಿ ನನಗೆ ಒಂದು ತಪ್ಪು ನಂಬಿಕೆ ಇತ್ತು. ಸಾರಿನಲ್ಲಿ ಮುಳುಗಿದ ಮಾಂಸ ನೀರು ಕುಡಿದು ಮೆತ್ತಗಾಗುತ್ತದೆ ಅಂದುಕೊಂಡಿದ್ದೆ. ತೊಡೆಯ ತುಂಡುಗಳನ್ನು ಒಂದೂವರೆ ತಾಸಿನ ನಂತರ ತೂಗಿದಾಗ 500 ಗ್ರಾಂ ಇದ್ದದ್ದು 320ಕ್ಕೆ ಇಳಿದಿತ್ತು. ನೀರಿನೊಳಗೇ ಕೂತು ನೀರು ಕಳೆದುಕೊಂಡಿತ್ತು. ಕಾಲಿನ ಮಾಂಸವೂ ರಸ ಕಳೆದುಕೊಳ್ಳುತ್ತದೆ, ಅದು ಬೇರೆಯಲ್ಲ. ಆದರೆ ಅದರಲ್ಲಿ ಎಳೆಗಳ ನಡುವೆ ಜೆಲಟಿನ್ ಉಳಿಯುತ್ತದೆ. ಎಳೆಗಳು ಬಿಡಿಬಿಡಿಯಾಗುತ್ತವೆ, ಜಗಿಯುವಾಗ ಜಾರುತ್ತವೆ, ನಮಗೆ ರಸ ಇದ್ದ ಹಾಗೆ ಅನ್ನಿಸುತ್ತದೆ. ಚೊಕ್ಕ ಮಾಂಸದಲ್ಲಿ ಅಂಥ ಪೊರೆ ಕಮ್ಮಿ, ಕೊಬ್ಬೂ ಕಮ್ಮಿ. ಹೋದ ರಸದ ಜಾಗ ತುಂಬಲು ಅದರ ಹತ್ತಿರ ಏನೂ ಇಲ್ಲ. ಎಷ್ಟು ತಾಸು ಇಟ್ಟರೂ ಒಣಗುವುದೇ.

ಎದೆಯ ತುಂಡು ಕಾಲಿನ ಕಡೆಗೇ ಸೇರುತ್ತದೆ. ಪೊರೆಯ ಪದರ, ಕೊಬ್ಬಿನ ಪದರ ಎರಡೂ ಇರುವುದರಿಂದ ಅದನ್ನೂ ಕಾಲಿನ ಜೊತೆ ಹಾಕುತ್ತೇನೆ. ಕಾಲಿಗಿಂತ ಸ್ವಲ್ಪ ಮೊದಲೇ ಆಗುತ್ತದೆ, ತೆಗೆದಿಡುತ್ತೇನೆ.

ಹಾಗಾಗಿ ಈಗ ಬೆಳಿಗ್ಗೆ ಎಂಟಕ್ಕೇ ಕಾಲು ಮತ್ತು ಎದೆ ಒಲೆಗೆ ಏರುತ್ತವೆ. ತೆಂಗಿನಕಾಯಿ ಹುರಿದು ಅರೆದ ಮಸಾಲೆ ಕೊನೆಯ ಅರ್ಧ ತಾಸಿಗೆ. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ, ಆಗ ಒಲೆ ಸಣ್ಣ ಇಟ್ಟೂ ಪ್ರಯೋಜನವಿಲ್ಲ. ತೊಡೆಯ ಚೊಕ್ಕ ಮಾಂಸವನ್ನು ಸಾರಿಗೆ ಹಾಕುವುದನ್ನೇ ಬಿಟ್ಟೆ. ಎಳೆಗೆ ಅಡ್ಡವಾಗಿ ತೆಳ್ಳಗೆ ಕೊಯ್ದು, ಕಾದ ಕಾವಲಿಯಲ್ಲಿ ಬೇಗ ಹುರಿದು ಇಳಿಸುತ್ತೇನೆ.

ಕುಕ್ಕರ್ ಬಳಸಬಾರದಾ ಅಂತ ಕೇಳುತ್ತಾರೆ. ಬಳಸಬಹುದು. ಒತ್ತಡದಲ್ಲಿ ಬಿಸಿ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಮೂರು ತಾಸಿನ ಕೆಲಸ ಮುಕ್ಕಾಲು ತಾಸಿಗೆ ಮುಗಿಯುತ್ತದೆ. ಆದರೆ ನಡುವೆ ಮುಚ್ಚಳ ತೆಗೆದು ಚಮಚ ಒತ್ತಿ ನೋಡಲು ಆಗುವುದಿಲ್ಲ. ಹತ್ತು ನಿಮಿಷ ಹೆಚ್ಚಾದರೂ ಮಾಂಸ ನಾರುನಾರಾಗಿ ಸಾರಿನಲ್ಲಿ ಕದಡಿಹೋಗುತ್ತದೆ. ಜೆಲಟಿನ್ ಎಲ್ಲ ಸಾರಿಗೆ ಇಳಿದುಬಿಟ್ಟರೆ ಕಾಲಿನ ಮಾಂಸವೂ ಒಣಗಿದಂತೆಯೇ ಆಗುತ್ತದೆ.

ಸರಿಯಾಗಿ ಬೆಂದಿತ್ತಾ ಅನ್ನುವುದು ಮರುದಿನ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಉಳಿದ ಸಾರನ್ನು ರಾತ್ರಿ ಫ್ರಿಜ್‌ನಲ್ಲಿಟ್ಟು ಬೆಳಿಗ್ಗೆ ಪಾತ್ರೆ ಓರೆ ಮಾಡುತ್ತೇನೆ. ಸಾರು ಹರಿಯುವುದಿಲ್ಲ, ತಾಟಿನಲ್ಲಿಟ್ಟ ಗಿಣ್ಣು ಹಾಲಿನ ಖರ್ವಸದ ಹಾಗೆ ಅಲುಗುತ್ತದೆ.