ಗೋಬರ್ ಗ್ಯಾಸ್ ಒಲೇಲಿ ನೀಲಿ ಬೆಂಕಿ ಬರಬೇಕಂದ್ರೆ

ಶಿರಸಿ ಹತ್ರ ನಮ್ಮಕ್ಕನ ಮನೆ. ಹೊಸ ಗೋಬರ್ ಗ್ಯಾಸ್ ಗುಂಡಿ ಕಟ್ಟಿಸಿ ಒಂದು ತಿಂಗಳಾಗಿತ್ತು, ಒಂದಿನ ಬೆಳಿಗ್ಗೆ ಫೋನು. "ತಮಾ, ಗ್ಯಾಸ್ ಬತ್ತಾ ಇದ್ದು, ಒಲೆ ಮಾತ್ರ ಹತ್ತತ್ತಿಲ್ಲೆ." ಹೋಗಿ ನೋಡಿದ್ರೆ ಭಾವ ಅಟ್ಟದ ಮೇಲಿದ್ದ ಹಳೇ ಸಿಲಿಂಡರ್ ಒಲೆ ಇಳಿಸಿ ಅದಕ್ಕೇ ಪೈಪ್ ಸಿಕ್ಕಿಸಿದ್ರು. ಕಡ್ಡಿ ಗೀರಿದ್ರೆ ಬುಸ್ ಅಂತ ಒಂದು ಸಲ ಹತ್ತೋದು, ಮರುಕ್ಷಣ ಆರೋದು. ಈ ತಪ್ಪು ನಾನು ನೋಡಿದ್ದು ಇದು ನಾಲ್ಕನೇ ಮನೆ, ಅದಕ್ಕೇ ಬರೀತಾ ಇದ್ದೀನಿ. ಗುಂಡಿ ಕಟ್ಟೋದನ್ನ ಗಾರೆಯವ್ರು ಮಾಡ್ಕೊಡ್ತಾರೆ, ಸಗಣಿ ಕಲಸೋದು ಎಲ್ರಿಗೂ ಗೊತ್ತು, ಎಲ್ಲ ಕೆಡೋದು ಒಲೆ ಹತ್ರ.

ಮೊದಲು ಗುಂಡಿ ವಿಷಯ ಚುಟುಕಾಗಿ ಮುಗಿಸ್ತೀನಿ. ಅಕ್ಕನ ಮನೇದು 2 ಘನ ಮೀಟರ್ ದೀನಬಂಧು, ಅಂದ್ರೆ ನೆಲದೊಳಗಿನ ಗುಮ್ಮಟ. ದಿನಾ ಸುಮಾರು 50 ಕೆಜಿ ಸಗಣಿ, ಅಷ್ಟೇ ನೀರು, ಗಂಟಿಲ್ಲದ ಹಾಗೆ ಕಲಸಿ ಹುಲ್ಲು ಕಡ್ಡಿ ತೆಗೆದು ಬಿಡೋದು. ಮಲೆನಾಡು ಗಿಡ್ಡ ಮಾತ್ರ ಇರೋರು ದನಕ್ಕೆ 10 ಕೆಜಿ ಅಂತ ಲೆಕ್ಕ ಹಾಕ್ಬೇಡಿ, ಅಷ್ಟು ಬರಲ್ಲ, ಒಂದು ವಾರ ತೂಕ ಮಾಡಿ ಆಮೇಲೆ ಸೈಜ್ ನಿರ್ಧಾರ ಮಾಡಿ. ಕೊಟ್ಟಿಗೆ ತೊಳೆದ ಫಿನಾಯಿಲ್ ನೀರು ಗುಂಡಿಗೆ ಹೋಗ್ಬಾರ್ದು. ಇಷ್ಟೇ.

ಈಗ ಗ್ಯಾಸು. ಇದ್ರಲ್ಲಿ ಉರಿಯೋದು ಮೀಥೇನ್ ಒಂದೇ, ಸರಿಯಾಗಿ ನಡೀತಿರೋ ಗುಂಡೀಲಿ ಅದು ನೂರಕ್ಕೆ 55ರಿಂದ 65 ಪಾಲು. ಉಳಿದಿದ್ದು ಹೆಚ್ಚುಕಮ್ಮಿ ಎಲ್ಲಾ ಕಾರ್ಬನ್ ಡೈಆಕ್ಸೈಡ್, ಅದು ಉರಿಯಲ್ಲ, ಮೇಲಿಂದ ಬಿಸಿ ಬೇರೆ ತಿನ್ನುತ್ತೆ, ಬೆಂಕಿ ಹರಡೋ ಸ್ಪೀಡ್ ಕಮ್ಮಿ ಮಾಡುತ್ತೆ. ಜೊತೆಗೆ ನೀರಿನ ಆವಿ, ಮತ್ತೆ ಕೊಳೆತ ಮೊಟ್ಟೆ ವಾಸನೆ ಬರೋ ಹೈಡ್ರೋಜನ್ ಸಲ್ಫೈಡ್ ಚೂರು.

ಭಾವನ ಒಲೆ ಯಾಕೆ ಆರ್ತಿತ್ತು ಅನ್ನೋದು ಇದ್ರಲ್ಲೇ ಇದೆ. ಸಿಲಿಂಡರ್ ಗ್ಯಾಸ್ ಒಂದು ಪಾಲು ಉರೀಬೇಕಂದ್ರೆ ಗಾಳಿ 25-30 ಪಾಲು ಬೇಕು, ನಮ್ಮ ಗೋಬರ್ ಗ್ಯಾಸಿಗೆ 6 ಪಾಲು ಸಾಕು. ಸಿಲಿಂಡರ್ ಒಲೇಲಿ ಗ್ಯಾಸ್ ಚಿಮ್ಮೋ ಜೆಟ್ಟಿನ ತೂತು ಸೂಜಿ ಮೊನೆಯಷ್ಟು, ಗಾಳಿ ಕಿಂಡಿ ಮಾತ್ರ ದೊಡ್ಡದು. ಅದಕ್ಕೆ ಗೋಬರ್ ಗ್ಯಾಸ್ ಬಿಟ್ರೆ ಬರೋ ಗ್ಯಾಸ್ ಒಂದು ಹಿಡಿ, ಗಾಳಿ ಒಂದು ಚೀಲ, ಬೆಂಕಿ ಗಾಳೀಲೇ ಮುಳುಗಿ ಹೋಗುತ್ತೆ. ಜೆಟ್ಟನ್ನ ಡ್ರಿಲ್ ಹಾಕಿ ದೊಡ್ಡದು ಮಾಡ್ತೀನಿ ಅಂತ ಭಾವ ಹೊರಟಿದ್ರು, ಬೇಡ ಅಂದೆ. ಕೆಲವರದ್ದು ಹಾಗೆ ಉರಿಯುತ್ತೆ ನಿಜ, ಆದ್ರೆ ಬರ್ನರ್ ತೂತು, ಗಾಳಿ ಕಿಂಡಿ ಯಾವುದೂ ಆ ಗ್ಯಾಸಿಗೆ ಮಾಡಿದ್ದಲ್ಲ, ಪಾತ್ರೆ ಇಟ್ಟ ಕೂಡ್ಲೆ ಆರುತ್ತೆ, ಆರಿದ್ದು ಗೊತ್ತಾಗದೆ ಗ್ಯಾಸ್ ಬರ್ತಾನೇ ಇರುತ್ತೆ. ಗೋಬರ್ ಗ್ಯಾಸಿನದ್ದೇ ಒಲೆ, ಐಎಸ್‌ಐ ಮಾರ್ಕ್ ಇರೋದು ತಗೊಳ್ಳಿ, ಇದ್ರಲ್ಲಿ ಚೌಕಾಸಿ ಬೇಡ.

ಒಲೆ ತಂದಾಯ್ತು, ಆದ್ರೂ ಕಡ್ಡಿ ಗೀರೋ ಮೊದ್ಲು ಒಂದು ಮಾತು. ಹೊಸ ಗುಂಡಿ, ಅಥವಾ ತೆರೆದು ಕ್ಲೀನ್ ಮಾಡಿದ ಗುಂಡಿ ಆದ್ರೆ, ಮೊದಲು ತುಂಬೋ ಗ್ಯಾಸ್ ಉರಿಸ್ಬೇಡಿ. ಒಳಗೆ ಇನ್ನೂ ಗಾಳಿ ಇರುತ್ತೆ, ಗಾಳೀಲಿ ಮೀಥೇನ್ ನೂರಕ್ಕೆ 5ರಿಂದ 15 ಪಾಲು ಬೆರೆತಾಗ್ಲೇ ಅದು ಸಿಡಿಯೋದು. ಎರಡು ಸಲ ಪೂರ್ತಿ ತುಂಬಿಸಿ ಹೊರಗೆ ಬಯಲಿಗೆ ಬಿಟ್ಬಿಡಿ, ಸುತ್ತ ಬೀಡಿ, ದೀಪ ಯಾವುದೂ ಬೇಡ. ಮೂರನೇ ಸಲದ್ದನ್ನ ಒಲೇಲಿ ಹಚ್ಚಿ ನೋಡಿ, ಒಲೇಲಿ ಮಾತ್ರ. ಗುಂಡಿ ಮೇಲಿನ ಪೈಪ್ ಬಾಯಿಗೆ ಕಡ್ಡಿ ಹಿಡಿದು 'ಗ್ಯಾಸ್ ಬಂತಾ' ಅಂತ ನೋಡೋರನ್ನ ಕಂಡಿದ್ದೀನಿ, ಬೆಂಕಿ ಪೈಪಿನೊಳಗೆ ಹಿಂದಕ್ಕೆ ಓಡಿದ್ರೆ ಗುಮ್ಮಟನೇ ಹೋಗುತ್ತೆ.

ಈಗ ನಿಜವಾದ ಕೆಲಸ. ಒಲೆ ಅಡಿಗೆ, ಜೆಟ್ಟಿನ ಪಕ್ಕ ತಿರುಗೋ ಒಂದು ತಗಡಿನ ಬಳೆ ಇರುತ್ತೆ, ಅದೇ ಗಾಳಿ ಶಟರ್. ಅದನ್ನ ಪೂರ್ತಿ ಮುಚ್ಚಿ. ಕಡ್ಡಿ ಮೊದ್ಲು ಗೀರಿ ಬರ್ನರ್ ಹತ್ರ ಹಿಡಿದು ಆಮೇಲೆ ಗ್ಯಾಸ್ ನಾಬ್ ಅರ್ಧ ತಿರುಗಿಸಿ, ಉಲ್ಟಾ ಬೇಡ. ಹಳದಿ ಬೆಂಕಿ ಬರುತ್ತೆ, ಉದ್ದಕೆ, ಮೆತ್ತಗೆ, ಓಲಾಡ್ತಾ, ದೇವರ ಮುಂದಿನ ದೀಪದ ಹಾಗೆ. ಆಮೇಲೆ ಬೇಕಾದ್ರೆ ಅಡುಗೆ ಮನೆ ಲೈಟ್ ಆರಿಸ್ಬಿಡಿ, ಯಾಕಂದ್ರೆ ಗೋಬರ್ ಗ್ಯಾಸಿನ ಸರಿಯಾದ ಬೆಂಕಿ ಹಗಲಲ್ಲಿ ಕಣ್ಣಿಗೆ ಬೀಳೋದೇ ಕಷ್ಟ. ಶಟರ್ ಒಂದೊಂದು ಕೂದಲೆಳೆ ಬಿಡಿಸ್ತಾ ಹೋಗಿ. ಹಳದಿ ಮೇಲಿಂದ ಕರಗ್ತಾ ಬರುತ್ತೆ, ಬೆಂಕಿ ಗಿಡ್ಡ ಆಗುತ್ತೆ, ಪ್ರತಿ ತೂತಿನ ಮೇಲೂ ನೀಲಿ ಮೊಗ್ಗು ಏಳುತ್ತೆ, ಸಣ್ಣಗೆ ಸುಯ್ ಅನ್ನೋ ಶಬ್ದ. ಅಲ್ಲೇ ನಿಲ್ಲಿಸ್ಬೇಡಿ, ಇನ್ನೂ ಚೂರು ಬಿಡಿಸಿ. ಆಗ ಮೊಗ್ಗು ತೂತಿನಿಂದ ಮೇಲಕ್ಕೆ ಎದ್ದು ನಡುವೆ ಸಂದು ಕಾಣುತ್ತೆ, ಒಂದೆರಡು ಕಡೆ ಆರೋಕೆ ಶುರುವಾಗುತ್ತೆ. ಆ ಜಾಗ ನೋಡ್ಕೊಂಡು ಒಂದಿಷ್ಟು ಹಿಂದಕ್ಕೆ ಬನ್ನಿ, ಸ್ಕ್ರೂ ಬಿಗಿ ಮಾಡಿ. ಪಾತ್ರೆ ಇಟ್ಟು ಮತ್ತೊಂದ್ಸಲ ನೋಡಿ. ಪಾತ್ರೆ ತಳದಲ್ಲಿ ಮಸಿ ಹಿಡಿದ್ರೆ ಗಾಳಿ ಕಮ್ಮಿ, ಬೆಂಕಿ ತೂತು ಬಿಟ್ಟು ಹಾರ್ತಿದ್ರೆ ಗಾಳಿ ಜಾಸ್ತಿ ಅಥವಾ ಒತ್ತಡ ಜಾಸ್ತಿ.

ಈ ಒತ್ತಡದ್ದೇ ಗುಮ್ಮಟದ ಗುಂಡೀಲಿ ತಕರಾರು. ತೇಲೋ ಡ್ರಮ್ಮಿನ ಹಳೇ ಪ್ಲಾಂಟಲ್ಲಿ ಡ್ರಮ್ಮಿನ ತೂಕ ಯಾವಾಗ್ಲೂ ಒಂದೇ, ಹಾಗಾಗಿ ಒತ್ತಡಾನೂ ಒಂದೇ. ಗುಮ್ಮಟದಲ್ಲಿ ರಾತ್ರಿಯೆಲ್ಲ ಗ್ಯಾಸ್ ತುಂಬಿ ಬೆಳಿಗ್ಗೆ ಜೋರು, ಅಡುಗೆ ಮುಗಿಯೋ ಹೊತ್ತಿಗೆ ಸಪ್ಪೆ. ಈ ಒತ್ತಡ ಅಳೆಯೋಕೆ ಅಕ್ಕನ ಮನೇಲಿ ಪಾರದರ್ಶಕ ಪೈಪನ್ನ ಯು ಆಕಾರದಲ್ಲಿ ಗೋಡೆಗೆ ಕಟ್ಟಿ, ಒಂದು ತುದಿ ಗ್ಯಾಸ್ ಪೈಪಿಗೆ ಸಿಕ್ಕಿಸಿ ಕುಂಕುಮದ ನೀರು ಹಾಕಿದ್ವಿ, ಬೆಳಿಗ್ಗೆ ಎರಡು ಕಡೆ ನೀರಿನ ಎತ್ತರದ ವ್ಯತ್ಯಾಸ 60 ಸೆಂಟಿಮೀಟರ್, ಸಂಜೆ 8. ಪೈಪ್ ಉದ್ದಕ್ಕೇ ಇರ್ಲಿ, ಗಿಡ್ಡ ಆದ್ರೆ ಒಂದಿನ ಕೆಂಪು ನೀರೆಲ್ಲ ಹಾರಿ ಗೋಡೆಗೆ ಬೀಳುತ್ತೆ, ನಮಗೆ ಬಿದ್ದಿದೆ. ಹಾಗಂತ ದಿನಾ ಶಟರ್ ಮುಟ್ಬೇಡಿ. ಶಟರ್ ಒಂದ್ಸಲ ಕೂರಿಸಿ ಬಿಟ್ಬಿಡಿ, ಬೆಳಿಗ್ಗೆ ತೆಳ್ಳೇವು ಹುಯ್ಯೋವಾಗ ಗೇಟ್‌ವಾಲ್ ಕಾಲು ಭಾಗ, ಸಂಜೆ ಪೂರ್ತಿ, ಇಷ್ಟು ಕೈಗೆ ಅಭ್ಯಾಸ ಆದ್ರೆ ಸಾಕು.

ಬೆಂಕಿ ಬುಳುಕ್ ಬುಳುಕ್ ಅಂತ ಕುಣೀತಿದ್ರೆ ಪೈಪಲ್ಲಿ ನೀರು ನಿಂತಿದೆ ಅಂತರ್ಥ. ಆವಿ ತಣ್ಣಗಾಗಿ ನೀರಾಗುತ್ತೆ, ನಮ್ಮ ಮಳೆಗಾಲದಲ್ಲಂತೂ ಕೇಳೋದೇ ಬೇಡ. ಪೈಪಿಗೆ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು, ತೀರಾ ತಗ್ಗಲ್ಲಿ ನೀರು ಬಸಿಯೋ ನಲ್ಲಿ, ಹದಿನೈದು ದಿನಕ್ಕೊಮ್ಮೆ ಒಲೆ ಆರಿಸಿ ಅದನ್ನ ಬಿಡಿ. ತೋಟಕ್ಕೆ ನೀರು ಬಿಡೋ ಹಸಿರು ಪೈಪ್ ಮಾತ್ರ ಗ್ಯಾಸಿಗೆ ಹಾಕ್ಬೇಡಿ, ಅದು ಬಿಸಿಲಿಗೆ ಸೀಳುತ್ತೆ.

ಇನ್ನೊಂದು ಗಲಾಟೆ. ಅಕ್ಕನ ಒಲೆ ಎರಡು ತಿಂಗಳು ಚೆನ್ನಾಗಿ ಉರೀತು, ಆಮೇಲೆ ಒಂದು ದೇವಕಾರ್ಯ ಆಯ್ತು. ಮಿಕ್ಕಿದ ಅನ್ನ, ಪಾಯಸ, ಹಲಸಿನ ಹಣ್ಣಿನ ರಾಶಿ, ಎಲ್ಲಾನೂ ಒಂದೇ ದಿನ ಗುಂಡಿಗೆ ಸುರಿದ್ರು. ಮೂರನೇ ದಿನಕ್ಕೆ ಗ್ಯಾಸ್ ಬೇಕಾದಷ್ಟು, ಬೆಂಕಿ ಮಾತ್ರ ನಿಲ್ಲಲ್ಲ. ಭಾವ ಶಟರ್ ತಿರುಗಿಸಿ ತಿರುಗಿಸಿ ಸ್ಕ್ರೂ ಸವೆಸಿದ್ರು. ಪಕ್ಕದ ಮನೆ ಕೆಮಿಸ್ಟ್ರಿ ಮೇಷ್ಟ್ರು ಬಂದು 60 ಮಿಲಿಯ ಸೂಜಿ ಇಲ್ಲದ ಸಿರಿಂಜಲ್ಲಿ 40 ಮಿಲಿ ಗ್ಯಾಸ್ ಎಳೆದು, ಅದಕ್ಕೆ 10 ಮಿಲಿ ಕಾಸ್ಟಿಕ್ ಸೋಡಾ ನೀರು ಎಳ್ಕೊಂಡು, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿದ್ರು. ಕಾರ್ಬನ್ ಡೈಆಕ್ಸೈಡೆಲ್ಲ ಆ ನೀರಿಗೆ ಇಳಿದುಬಿಡುತ್ತೆ, ಉಳಿಯೋದು ಬಹುಪಾಲು ಮೀಥೇನ್. ಉಳಿದಿದ್ದು 16 ಮಿಲಿ. ಅಂದ್ರೆ ನೂರಕ್ಕೆ 40. ಚೆನ್ನಾಗಿ ಉರಿಯೋವಾಗ ಇದೇ 24 ಮಿಲಿ ಉಳೀತಿತ್ತು. ಗ್ಯಾಸಲ್ಲಿ ಗಾಳಿ ಸೇರಿದ್ರೆ ಈ ಲೆಕ್ಕ ತಪ್ಪುತ್ತೆ, ಮತ್ತೆ ಕಾಸ್ಟಿಕ್ ಸೋಡಾ ಕಣ್ಣು ಸುಡೋ ಮಾಲು, ಮಕ್ಕಳ ಕೈಗೆ ಕೊಡೋದಲ್ಲ, ಗ್ಲೌಸು ಕನ್ನಡಕ ಬೇಕು.

ಆಗಿದ್ದೇನಂದ್ರೆ, ಸಿಹಿ, ಅನ್ನ ಒಮ್ಮೆಲೇ ಬಿದ್ರೆ ಹುಳಿ ಮಾಡೋ ಬ್ಯಾಕ್ಟೀರಿಯಾ ಮುಂದೋಡುತ್ತೆ, ಮೀಥೇನ್ ಮಾಡೋದು ನಿಧಾನದ್ದು, ಹುಳಿ ಜಾಸ್ತಿ ಆದ್ರೆ ಅದು ಕೆಲಸ ಬಿಡುತ್ತೆ. ಮೇಷ್ಟ್ರು ಹೇಳಿದ್ದು ಒಂದು ವಾರ ಗುಂಡಿಗೆ ಏನೂ ಹಾಕ್ಬೇಡಿ, ಆಮೇಲೆ ಬರೀ ಸಗಣಿ, ಅರ್ಧ ಪ್ರಮಾಣದಿಂದ ಶುರು. ಹನ್ನೆರಡನೇ ದಿನ ಸಿರಿಂಜಲ್ಲಿ 23 ಮಿಲಿ, ಶಟರ್ ಹಳೇ ಗುರುತಿಗೆ ತಂದಿದ್ದೇ ನೀಲಿ ಮೊಗ್ಗು. ಅಷ್ಟರಲ್ಲಿ ಒಬ್ರು ಗ್ಯಾಸ್ ಜಾಸ್ತಿ ಮಾಡೋ ಪುಡಿ ಅಂತ ಪ್ಯಾಕೆಟ್ ಮಾರೋಕೆ ಬಂದಿದ್ರು, ಭಾವ ತಗೊಳ್ಳೋದ್ರಲ್ಲಿದ್ರು, ಅಕ್ಕ ಚಾ ಕೊಟ್ಟು ಕಳಿಸಿದ್ಲು.

ಕೊನೇದಾಗಿ ಲೀಕ್. ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ನೋಡಿ, ಕಡ್ಡಿ ಹಿಡಿದು ಅಲ್ಲ. ಸಿಲಿಂಡರ್ ಗ್ಯಾಸ್ ನೆಲಕ್ಕೆ ಇಳಿಯುತ್ತೆ, ಇದು ಗಾಳಿಗಿಂತ ಚೂರು ಹಗುರ, ಮೇಲಕ್ಕೆ ಹೋಗಿ ಸೂರಿನಡಿ ಸೇರುತ್ತೆ, ಹಾಗಾಗಿ ಅಡುಗೆ ಮನೆಗೆ ಮೇಲ್ಗಡೆ ಒಂದು ಕಿಂಡಿ ಬೇಕೇ ಬೇಕು. ಒಲೆ ಆರಿದ್ದಾಗ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಸ್ವಿಚ್ ಮುಟ್ಟದೆ ಕಿಟಕಿ ಬಾಗಿಲು ತೆಗೆದು ಹೊರಗೆ ಹೋಗಿ ಗುಂಡಿ ಹತ್ರದ ವಾಲ್ ಮುಚ್ಚಿ. ವಾಸನೆ ಐದು ನಿಮಿಷಕ್ಕೆ ಹೋಯ್ತು ಅಂತ ಸುಮ್ನಾಗ್ಬೇಡಿ, ಆ ಗ್ಯಾಸಿಗೆ ಮೂಗೇ ಸೋತು ಹೋಗುತ್ತೆ. ಗುಂಡಿಯೊಳಗೆ ಹೂಳು ತೆಗೆಯೋಕೆ ಅಂತ ಯಾರೂ ಇಳಿಯೋದು ಬೇಡ, ತೆರೆದು ಎರಡು ದಿನ ಆಗಿದ್ರೂ ಬೇಡ, ಅಲ್ಲಿ ಉಸಿರಿಗೆ ಗಾಳಿ ಇರಲ್ಲ. ರಾತ್ರಿ ಕಷಾಯ ಕಾಸಿದ ಮೇಲೆ ಗುಂಡಿ ಹತ್ರದ ವಾಲ್ ಮುಚ್ಚಿ ಬರೋ ಕೆಲಸ ಈಗ ಭಾವನದ್ದು, ಟಾರ್ಚ್ ಹಿಡ್ಕೊಂಡು ಹೋಗ್ತಾರೆ.